ಗೌಟ್ ಇದ್ದವರು ಬೇಳೆ ಬಿಡಬೇಕೆ?

ಕರಾವಳಿಯ ಊಟಕ್ಕೆ ಬಂಗುಡೆ, ಬೂತಾಯಿ ಬೇಕೇ ಬೇಕು. ಪ್ರೋಟೀನ್ ಲೆಕ್ಕದಲ್ಲಿ ಇವು ಒಳ್ಳೆಯ ಮೀನುಗಳೇ. ಆದರೆ ಗೌಟ್ ಇರುವವರನ್ನು ಕಾಡುವುದು ಪ್ರೋಟೀನ್ ಅಲ್ಲ, ಅದರ ಜೊತೆಗೆ ಬರುವ ಪ್ಯೂರಿನ್. ದೇಹದಲ್ಲಿ ಅದು ಒಡೆದು ಯೂರಿಕ್ ಆಮ್ಲವಾಗುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಕೀಲುಗಳಲ್ಲಿ ಹರಳುಗಟ್ಟಬಹುದು. ಕಾಲಿನ ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಾಗಿ ಊದಿಕೊಳ್ಳುವುದು ಇದರಿಂದಲೇ.

ಇಂಥವರು ಮೊದಲು ಬೇಳೆ ಬಿಡುತ್ತಾರೆ. ಅದು ಅನಗತ್ಯ. ಅಮೆರಿಕದ 47 ಸಾವಿರ ಪುರುಷರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾಂಸ, ಮೀನು ಹೆಚ್ಚು ತಿಂದವರಿಗೆ ಗೌಟ್ ಹೆಚ್ಚಾಗಿತ್ತು. ಪ್ಯೂರಿನ್ ಇರುವ ತರಕಾರಿ, ಕಾಳುಗಳಿಂದ ಹಾಗಾಗಲಿಲ್ಲ. ಹಾಲು, ಮೊಸರು ಬಳಸುವವರಲ್ಲಿ ಅಪಾಯ ಕಡಿಮೆಯೇ ಇತ್ತು.

ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕಾದವರ ಲೆಕ್ಕ ನೋಡಿ. ಎರಡು ಮೊಟ್ಟೆಯಿಂದ 12 ಗ್ರಾಂ, ಅರ್ಧ ಲೀಟರ್ ಹಾಲು-ಮೊಸರಿನಿಂದ 16, ಐವತ್ತು ಗ್ರಾಂ ಪನೀರಿನಿಂದ 9, ಎರಡು ಬಟ್ಟಲು ಗಟ್ಟಿ ತೊವ್ವೆಯಿಂದ ಹದಿನಾಲ್ಕರಷ್ಟು. ಉಳಿದದ್ದು ಅನ್ನ, ಮುದ್ದೆ, ಚಪಾತಿಯಲ್ಲೇ ಸಿಗುತ್ತದೆ. ಕೋಳಿ, ಮೀನು ಅಪರೂಪಕ್ಕೆ, ಸಣ್ಣ ತುಂಡಾಗಿ ಇರಲಿ. ಲಿವರ್ ಮತ್ತು ಬಿಯರ್ ಬೇಡವೇ ಬೇಡ.

ಪಥ್ಯದಿಂದ ಇಳಿಯುವುದು ಸಾಮಾನ್ಯವಾಗಿ ಒಂದು ಮಿಲಿಗ್ರಾಂ ಆಸುಪಾಸು ಮಾತ್ರ. ಒಂಬತ್ತು ಇದ್ದವರು ಆರಕ್ಕಿಂತ ಕೆಳಗೆ ಬರಲು ಔಷಧಿಯೇ ಬೇಕು. ನೋವಿನ ದಿನಗಳಲ್ಲಿ ರಕ್ತಪರೀಕ್ಷೆ ಸಹಜ ಮಟ್ಟ ತೋರಿಸಬಹುದು, ಹಾಗಾಗಿ ಊತ ಇಳಿದ ಕೆಲವು ವಾರಗಳ ಬಳಿಕ ಮತ್ತೆ ಮಾಡಿಸಬೇಕು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರೋಟೀನ್ ಪ್ರಮಾಣವನ್ನು ವೈದ್ಯರೇ ನಿಗದಿ ಮಾಡಬೇಕಾಗುತ್ತದೆ.