ಬಣ್ಣ ಬದಲಾಗಲಿ, ಕಿಟಕಿ ಅಲ್ಲೇ ಇರಲಿ

ಮನೆಯ ಹಾಲ್‌ನ ಫೋಟೊ ತೆಗೆದು ಎಐ ತಂತ್ರಾಂಶಕ್ಕೆ ಕೊಟ್ಟು, ಇದೇ ಹಾಲ್ ಹೊಸ ಅಲಂಕಾರದಲ್ಲಿ ಹೇಗೆ ಕಾಣುತ್ತದೆ ಎಂದು ನೋಡುವವರು ಈಗ ಬಹಳ. ಹಲವರು ಕೇಳುವುದು ‘ವಾರ್ಮ್ ಮಿನಿಮಲ್’ ಎಂಬ ಶೈಲಿಯನ್ನು: ಕೆನೆ ಬಣ್ಣದ ಗೋಡೆ, ತಿಳಿ ಮರ, ಲಿನನ್ ಬಟ್ಟೆಯ ಸೋಫಾ, ಹಳದಿ ಛಾಯೆಯ ಬೆಳಕು, ಕಣ್ಣಿಗೆ ಬೀಳುವ ಸಾಮಾನು ಕಡಿಮೆ. ಬಂದ ಚಿತ್ರ ಚೆನ್ನಾಗಿಯೇ ಇರುತ್ತದೆ, ಆದರೆ ಅದು ನಮ್ಮ ಮನೆಯಾಗಿರುವುದಿಲ್ಲ. ಕಿಟಕಿ ದೊಡ್ಡದಾಗಿರುತ್ತದೆ, ಅಡುಗೆಮನೆಯ ಬಾಗಿಲು ಕಪಾಟಾಗಿರುತ್ತದೆ, ದೇವರ ಗೂಡಿನಲ್ಲಿ ಪುಸ್ತಕ ಕೂತಿರುತ್ತವೆ. ಬಲ ತಗ್ಗಿಸಿದರೆ ಬಾಗಿಲು ಕಿಟಕಿ ಉಳಿಯುತ್ತವೆ, ಜೊತೆಗೆ ಹಳೆಯ ನೀಲಿ ಗೋಡೆಯೂ ಉಳಿಯುತ್ತದೆ.

ಈ ತಕರಾರು ಇರುವುದು ಒಂದೇ ಅಂಕೆಯಲ್ಲಿ. ಸ್ಟೇಬಲ್ ಡಿಫ್ಯೂಷನ್ ಬಳಸುವ ತಂತ್ರಾಂಶಗಳಲ್ಲಿ ಅದರ ಹೆಸರು Denoising strength. ಕೆಲವು ಆ್ಯಪ್‌ಗಳು ಅದನ್ನೇ ಶೈಲಿಯ ಬಲ ಎಂದು ತೋರಿಸುತ್ತವೆ. 0ಯಿಂದ 1ರವರೆಗೆ ಸರಿಯುವ ಗುಂಡಿ ಅದು. ಸೊನ್ನೆಯಲ್ಲಿ ನಿಮ್ಮ ಫೋಟೊ ಹೆಚ್ಚುಕಡಿಮೆ ಹಾಗೆಯೇ ವಾಪಸ್ ಬರುತ್ತದೆ. ಒಂದರಲ್ಲಿ ಫೋಟೊ ಕೊಟ್ಟಿದ್ದೂ ಕೊಡದಿದ್ದೂ ಬಹುತೇಕ ಒಂದೇ.

ಒಳಗೆ ನಡೆಯುವುದು ಇಷ್ಟು. ತಂತ್ರಾಂಶ ಮೊದಲು ನಿಮ್ಮ ಫೋಟೊದ ಮೇಲೆ ನಾಯ್ಸ್ ಸುರಿಯುತ್ತದೆ. ಹಿಂದೆ ಆಂಟೆನಾ ತಿರುಗಿಹೋದಾಗ ಟಿವಿ ಪರದೆಯ ಮೇಲೆ ಕಾಣುತ್ತಿದ್ದ ಚುಕ್ಕಿಗಳಂಥದು. ಎಷ್ಟು ಸುರಿಯಬೇಕೆಂದು ಹೇಳುವುದೇ ಈ ಅಂಕೆ. ಆಮೇಲೆ ನೀವು ಬರೆದುಕೊಟ್ಟ ವಿವರಣೆಯನ್ನು ಅನುಸರಿಸಿ ಆ ಚುಕ್ಕಿಗಳನ್ನು ಹಂತ ಹಂತವಾಗಿ ತೆಗೆಯುತ್ತ ಚಿತ್ರವನ್ನು ಮತ್ತೆ ಕಟ್ಟುತ್ತದೆ. ಚುಕ್ಕಿಗಳಡಿ ಹೂತುಹೋದದ್ದನ್ನೆಲ್ಲ ಅದು ಊಹಿಸಿಯೇ ತುಂಬಬೇಕು. 0.5 ಅಂದರೆ ಅರ್ಧ ಬದಲಾವಣೆ ಎಂದುಕೊಳ್ಳಬಾರದು. ಸ್ಟೇಬಲ್ ಡಿಫ್ಯೂಷನ್ 1.5 ಮಾದರಿಯಲ್ಲಿ ಆ ಹಂತಕ್ಕೆ ಬರುವಷ್ಟರಲ್ಲೇ ನಾಯ್ಸ್ ಮೂಲ ಚಿತ್ರವನ್ನು ಮೀರಿರುತ್ತದೆ.

ಮೊದಲು ಅಳಿಸಿಹೋಗುವುದು ಸಣ್ಣ ವಿವರಗಳು: ಬಟ್ಟೆಯ ನೇಯ್ಗೆ, ಮರದ ಗೆರೆ, ಕಿಟಕಿಯ ಸರಳು. ಕೊನೆಯವರೆಗೂ ಉಳಿಯುವುದು ದೊಡ್ಡ ಸಂಗತಿಗಳು: ಗೋಡೆ ಎಲ್ಲಿದೆ, ಬೆಳಕು ಯಾವ ಕಡೆಯಿಂದ, ಸೋಫಾ ಯಾವ ಮೂಲೆಯಲ್ಲಿ. ಗೋಡೆಯ ಬಣ್ಣವೂ ಈ ದೊಡ್ಡ ಸಂಗತಿಗಳ ಸಾಲಿಗೇ ಸೇರಿದ್ದು. ಹಾಗಾಗಿ ನೀಲಿ ಗೋಡೆ ಕೆನೆ ಬಣ್ಣಕ್ಕೆ ತಿರುಗುವಷ್ಟು ನಾಯ್ಸ್ ಸುರಿದರೆ ಗೋಡೆ ಎಲ್ಲಿತ್ತೆಂಬ ಗುರುತೂ ಮಸುಕಾಗುತ್ತದೆ. ನಾವು ಬದಲಿಸಬೇಕೆನ್ನುವ ಬಣ್ಣವೂ ಉಳಿಸಬೇಕೆನ್ನುವ ಜಾಗವೂ ಒಂದೇ ಗುಂಡಿಗೆ ಕಟ್ಟಿಕೊಂಡಿವೆ. ಗುಂಡಿಯನ್ನು ಅತ್ತಿತ್ತ ಸರಿಸುತ್ತ ‘ಸರಿಯಾದ ಅಂಕೆ’ ಹುಡುಕುವವರು ಸೋಲುವುದು ಇಲ್ಲೇ. ಬಣ್ಣ ತೀರಾ ಬೇರೆಯಾಗಬೇಕಾದಾಗ ಅಂಥ ಅಂಕೆ ಸಿಗುವುದು ಅಪರೂಪ.

ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲ್ಯಾಟಿನ ಹಾಲ್ ಒಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕಡುನೀಲಿ ಗೋಡೆ, ಕಂದು ರೆಕ್ಸಿನ್ ಸೋಫಾ, ಕಪ್ಪು ಟಿವಿ ಯೂನಿಟ್, ಬಿಳಿ ಟ್ಯೂಬ್‌ಲೈಟ್, ಗ್ರಿಲ್ ಇರುವ ಕಿಟಕಿ, ಮೂರು ರೆಕ್ಕೆಯ ಫ್ಯಾನ್. ವಿವರಣೆಯನ್ನು ಹೀಗೆ ಬರೆಯಬಹುದು:

```
warm minimal living room, off-white plaster walls,
light oak, beige linen sofa, soft warm daylight
```

ಇದರಲ್ಲಿ ಸಾಮಾನು ಬೇಡ ಎಂದು ಬರೆದಿಲ್ಲ ಎಂಬುದನ್ನು ಗಮನಿಸಿ. ಬೇಡವೆಂದು ಹೆಸರಿಸಿದ ವಸ್ತುವನ್ನೇ ಈ ಮಾದರಿಗಳು ತಂದು ಕೂರಿಸುವುದುಂಟು. ಬೇಡದ್ದನ್ನು ಬರೆಯಲು Negative prompt ಎಂಬ ಬೇರೆ ಪೆಟ್ಟಿಗೆ ಇದೆ.

0.3ಕ್ಕೆ ಇಟ್ಟರೆ ರೆಕ್ಸಿನ್‌ನ ಹೊಳಪು ಕೊಂಚ ತಗ್ಗುತ್ತದೆ, ಗೋಡೆ ನೀಲಿಯೇ. 0.5ರ ಹೊತ್ತಿಗೆ ನೀಲಿ ಬೂದಿಯ ಕಡೆ ಜಾರುತ್ತದೆ, ಕಿಟಕಿಯ ಸರಳುಗಳು ಅಂಕುಡೊಂಕಾಗುತ್ತವೆ. 0.75ಕ್ಕೆ ಏರಿಸಿದರೆ ಕೋಣೆ ಬೆಚ್ಚಗೆ, ಸುಂದರವಾಗಿ ಬರುತ್ತದೆ, ಆದರೆ ಟಿವಿ ಯೂನಿಟ್ ಇದ್ದಲ್ಲಿ ಇನ್ನೊಂದು ಕಿಟಕಿ ಎದ್ದಿರಬಹುದು. ಅಂದಹಾಗೆ, ಆಟೊಮ್ಯಾಟಿಕ್1111 ಎಂಬ ಜನಪ್ರಿಯ ತಂತ್ರಾಂಶದಲ್ಲಿ ಮೊದಲೇ ಹಾಕಿಟ್ಟಿರುವ ಅಂಕೆಯೇ 0.75. ಗುಂಡಿ ಮುಟ್ಟದೆ ಒತ್ತಿದವರಿಗೆ ಬೇರೆಯವರ ಮನೆ ಸಿಗುವುದರಲ್ಲಿ ಆಶ್ಚರ್ಯವಿಲ್ಲ. ಈ ಅಂಕೆಗಳು ಮಾದರಿಯಿಂದ ಮಾದರಿಗೆ ಅಷ್ಟಿಷ್ಟು ಸರಿಯುತ್ತವೆ. ಹೋಲಿಸಿ ನೋಡುವಾಗ Seed ಸಂಖ್ಯೆಯನ್ನು ಬದಲಿಸದೆ ಇಡಬೇಕು. ಇಲ್ಲವಾದರೆ ವ್ಯತ್ಯಾಸ ಬಲದಿಂದ ಬಂದದ್ದೋ ಅದೃಷ್ಟದಿಂದ ಬಂದದ್ದೋ ತಿಳಿಯುವುದಿಲ್ಲ.

ಗಂಟು ಬಿಡಿಸಲು ಎರಡು ದಾರಿಗಳಿವೆ. ಮೊದಲನೆಯದಕ್ಕೆ ಸಾಮಾನ್ಯ ಫೋಟೊ ಎಡಿಟರ್ ಸಾಕು, ನನಗೆ ಇಷ್ಟವಾದದ್ದೂ ಅದೇ. ಎಐಗೆ ಕೊಡುವ ಮೊದಲು ನೀಲಿ ಗೋಡೆಯ ಮೇಲೆ ಕೆನೆ ಬಣ್ಣ, ಸೋಫಾ ಮೇಲೆ ತಿಳಿ ಕಂದು, ಟಿವಿ ಯೂನಿಟ್ ಮೇಲೆ ಮರದ ಬಣ್ಣವನ್ನು ಒರಟಾಗಿ ಬಳಿಯಬೇಕು. ನೆರಳುಗಳು ಅಳಿಸದಂತೆ ಬಣ್ಣವನ್ನು ಬೇರೆ ಲೇಯರ್‌ನಲ್ಲಿ, ಅರೆಪಾರದರ್ಶಕವಾಗಿ ಬಳಿದರೆ ಒಳ್ಳೆಯದು. ಇಡೀ ಚಿತ್ರದ ವೈಟ್ ಬ್ಯಾಲೆನ್ಸನ್ನು ಹಳದಿಯ ಕಡೆ ಸ್ವಲ್ಪ ಸರಿಸಿದರೆ ಟ್ಯೂಬ್‌ಲೈಟಿನ ತಣ್ಣನೆಯ ಬಿಳುಪೂ ಹೋಗುತ್ತದೆ. ಕೆಲಸ ಅಚ್ಚುಕಟ್ಟಾಗಿರಬೇಕಿಲ್ಲ, ಬ್ರಷ್ಷಿನ ಗುರುತು ಉಳಿದರೂ ನಡೆಯುತ್ತದೆ. ದೊಡ್ಡ ಬಣ್ಣಗಳನ್ನು ನೀವೇ ಬದಲಿಸಿಕೊಟ್ಟಿದ್ದರಿಂದ ಎಐಗೆ ಉಳಿಯುವುದು ಬಟ್ಟೆಯ ನೇಯ್ಗೆ, ಮರದ ಗೆರೆ, ಬ್ರಷ್ ಗುರುತಿನ ಕೆಲಸ ಮಾತ್ರ. ಅದಕ್ಕೆ 0.4ರಿಂದ 0.5ರ ಬಲ ಸಾಮಾನ್ಯವಾಗಿ ಸಾಕಾಗುತ್ತದೆ, ಬಾಗಿಲು ಕಿಟಕಿ ಕದಲುವುದಿಲ್ಲ.

ಎರಡನೆಯದು ಕಂಟ್ರೋಲ್‌ನೆಟ್. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಬಿಡುಗಡೆ ಮಾಡಿದ ಈ ಉಪಕರಣ ಜಾಗವನ್ನು ಹಿಡಿದಿಡುವ ಕೆಲಸವನ್ನು ಬಲದ ಗುಂಡಿಯಿಂದ ಬಿಡಿಸಿ ಬೇರೆ ಕೈಗೆ ಕೊಡುತ್ತದೆ. ಅದು ಫೋಟೊದಿಂದ ಒಂದು ನಕ್ಷೆ ತೆಗೆದು, ಚಿತ್ರ ಕಟ್ಟುವಾಗ ಅದಕ್ಕೇ ಅಂಟಿಕೊಳ್ಳುವಂತೆ ಮಾದರಿಯನ್ನು ಎಳೆಯುತ್ತದೆ. ಕೋಣೆಗಳಿಗೆ ಒಗ್ಗುವ ನಕ್ಷೆ ಎರಡು: ಯಾವುದು ಹತ್ತಿರ, ಯಾವುದು ದೂರ ಎಂದು ಹೇಳುವ Depth ಮತ್ತು ನೇರ ಗೆರೆಗಳನ್ನಷ್ಟೇ ಹೆಕ್ಕುವ MLSD. ಗೋಡೆಯ ಅಂಚು, ಬಾಗಿಲ ಚೌಕಟ್ಟು ನೇರ ಗೆರೆಗಳಾದ್ದರಿಂದ MLSD ಅವನ್ನು ಬಿಗಿಯಾಗಿ ಹಿಡಿಯುತ್ತದೆ, ಸೋಫಾದ ದುಂಡು ಕೈಗಳನ್ನು ಬಿಟ್ಟುಬಿಡುತ್ತದೆ. ಪೀಠೋಪಕರಣ ಬದಲಾದರೂ ಪರವಾಗಿಲ್ಲ, ಗೋಡೆ ಕದಲಬಾರದು ಎನ್ನುವವರಿಗೆ ಅದೇ ಸೂಕ್ತ. ಸೋಫಾವೂ ಅದೇ ಆಕಾರದಲ್ಲಿ ಇರಬೇಕೆಂದರೆ Depth. ನಕ್ಷೆಯ ಹಿಡಿತವನ್ನು 0.8ರ ಆಸುಪಾಸಿನಲ್ಲಿಟ್ಟರೆ ಬಲವನ್ನು 0.75ರವರೆಗೂ ಧೈರ್ಯವಾಗಿ ಏರಿಸಿ ನೋಡಬಹುದು.

ಬಣ್ಣದ ಕಥೆ ಹೀಗಾದರೆ ‘ಮಿನಿಮಲ್’ದು ಬೇರೆ. ಅದು ಸಾಮಾನು ತೆಗೆಯುವ ಕೆಲಸ. ಟಿವಿಯ ಮೇಲಿನ ಗೊಂಬೆ, ಸೋಫಾದ ಮೇಲಿನ ಬಟ್ಟೆರಾಶಿ, ನೇತಾಡುವ ವೈರುಗಳನ್ನು ಬಲ ಕಡಿಮೆ ಇದ್ದಾಗ ಮಾದರಿ ಅಳಿಸುವುದಿಲ್ಲ. ಬಟ್ಟೆರಾಶಿಯನ್ನು ದಿಂಬಾಗಿಸಿ, ವೈರನ್ನು ಬಳ್ಳಿಯಾಗಿಸಿ ಇಟ್ಟುಬಿಡುತ್ತದೆ. Depth ನಕ್ಷೆ ಹಾಕಿದ್ದರೆ ಆ ರಾಶಿ ಇನ್ನೂ ಗಟ್ಟಿಯಾಗಿ ಕೂರುತ್ತದೆ, ಏಕೆಂದರೆ ನಕ್ಷೆಯಲ್ಲೂ ಅದಕ್ಕೆ ಜಾಗವಿದೆ. ಅಂಥವನ್ನು ಮೊದಲೇ ಇನ್‌ಪೇಂಟ್‌ನಲ್ಲಿ ಗುರುತುಹಾಕಿ ಅಳಿಸಿ, ಖಾಲಿಯಾದ ಚಿತ್ರದಿಂದಲೇ ನಕ್ಷೆ ತೆಗೆಯಬೇಕು. ಇನ್ನೂ ಸುಲಭದ್ದೆಂದರೆ ಫೋಟೊ ತೆಗೆಯುವ ಮೊದಲೇ ಅವನ್ನೆಲ್ಲ ಎತ್ತಿಡುವುದು.

ಬಂದ ಚಿತ್ರವನ್ನು ಪರೀಕ್ಷಿಸಲು ಹಳೆಯದರ ಮೇಲೆ ಹೊಸದನ್ನು ಲೇಯರ್ ಆಗಿ ಇಟ್ಟು ಆರಿಸಿ ಬೆಳಗಿಸಿ. ಕೋಣೆಯ ಮೂಲೆ, ಬಾಗಿಲ ಚೌಕಟ್ಟು, ಕಿಟಕಿಯ ತಳ ಜಿಗಿಯುತ್ತಿದ್ದರೆ ಬಲ ಜಾಸ್ತಿಯಾಗಿದೆ. ಆಮೇಲೆ ಫ್ಯಾನಿನ ರೆಕ್ಕೆ ಎಣಿಸಿ, ಗ್ರಿಲ್ ಸರಳು ಎಣಿಸಿ, ಸ್ವಿಚ್‌ಬೋರ್ಡ್ ಇದೆಯೇ ನೋಡಿ. ಇವು ಮೊದಲು ಕೆಡುವಂಥವು. ಇಷ್ಟೇ ಕೆಟ್ಟು ಉಳಿದದ್ದೆಲ್ಲ ಸರಿಯಿದ್ದರೆ ಮತ್ತೆ ಮೊದಲಿಂದ ಶುರುಮಾಡಬೇಕಾಗಿಲ್ಲ. ಮೂಲ ಫೋಟೊದಿಂದ ಆ ಭಾಗವನ್ನು ಕತ್ತರಿಸಿ ಅಂಟಿಸಿದರೆ ಆಯಿತು.

ಎಷ್ಟೇ ಜಾಗರೂಕತೆಯಿಂದ ಮಾಡಿದರೂ ಈ ಚಿತ್ರಕ್ಕೆ ಅಡಿ, ಇಂಚಿನ ಲೆಕ್ಕ ಗೊತ್ತಿಲ್ಲ. ಬಣ್ಣ, ಬಟ್ಟೆ, ಮರದ ಛಾಯೆ ಆರಿಸಲು ಇದನ್ನು ಬಳಸಿ. ಬಡಗಿಗೆ ಮಾತ್ರ ಟೇಪು ಹಿಡಿದು ಅಳೆದ ಅಳತೆಯನ್ನೇ ಕೊಡಿ.