ಲೆಕ್ಕಕ್ಕೆ ಮೊದಲು ಆಯ್ಕೆಗಳನ್ನು ನೋಡಿ

ಐಬಿಪಿಎಸ್ ಪಿಒ ಪ್ರಿಲಿಮ್ಸ್‌ನ ಗಣಿತ ವಿಭಾಗದಲ್ಲಿ 35 ಪ್ರಶ್ನೆಗಳು, 20 ನಿಮಿಷ. ಒಂದು ಪ್ರಶ್ನೆಗೆ ಸಿಗುವುದು ಸುಮಾರು 34 ಸೆಕೆಂಡು, ಅದರಲ್ಲೇ ಓದಿ ಅರ್ಥ ಮಾಡಿಕೊಳ್ಳುವುದೂ ಆಗಬೇಕು. ಉದ್ದನೆಯ ಭಾಗಾಕಾರಕ್ಕೆ ಕೂತರೆ ಸಮಯ ಅಲ್ಲೇ ಮುಗಿಯುತ್ತದೆ. ಅಂದಾಜು ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಷ್ಟು ಒರಟಾಗಿ ಅಂದಾಜಿಸಬಹುದು ಎಂಬುದನ್ನು ಪ್ರಶ್ನೆಯಲ್ಲ, ಆಯ್ಕೆಗಳ ನಡುವಿನ ಅಂತರ ತೀರ್ಮಾನಿಸುತ್ತದೆ.

ಒಂದು ಅಂಗಡಿಯ ಮಾರಾಟ 5,923ರಿಂದ 6,847ಕ್ಕೆ ಏರಿದೆ ಎನ್ನೋಣ. ಏರಿಕೆ ಶೇಕಡಾ ಎಷ್ಟು? ಆಯ್ಕೆಗಳು 13.5, 15.4, 15.6, 17.8, 19.2.

ಏರಿದ್ದು 924. ಅದನ್ನು 5,923ರಿಂದ ಭಾಗಿಸುವ ಬದಲು 6,000ದಿಂದ ಭಾಗಿಸಿದರೆ ಬಾಯಲ್ಲೇ 15.4 ಬರುತ್ತದೆ. 17.8 ಮತ್ತು 19.2 ಅಲ್ಲಿಗೇ ಬಿದ್ದುಹೋದವು. ಆದರೆ 15.4 ಆಯ್ಕೆಗಳಲ್ಲೇ ಇದೆಯಲ್ಲ ಎಂದು ಅದನ್ನು ಗುರುತಿಸಿದರೆ ಅಂಕ ಹೋಯಿತು. ನಾವು ಛೇದವನ್ನು ದೊಡ್ಡದು ಮಾಡಿದ್ದೇವೆ, ಆದ್ದರಿಂದ ನಮಗೆ ಸಿಕ್ಕಿದ್ದು ನಿಜಕ್ಕಿಂತ ಕಡಿಮೆ. ಸರಿಯುತ್ತರ 15.4ಕ್ಕಿಂತ ತುಸು ಮೇಲಿರಲೇಬೇಕು. ಎಷ್ಟು ಮೇಲೆ? ಸೇರಿಸಿದ 77 ಎಂಬುದು 6,000ದ ಶೇಕಡಾ ಒಂದೂಕಾಲರಷ್ಟು, 15.4ರಲ್ಲಿ ಅಷ್ಟು ಪಾಲು ಎಂದರೆ ಸುಮಾರು 0.2. ಉತ್ತರ 15.6. ಅಂದಾಜಿನಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಎನಿಸುವುದು ಈ ಹೆಜ್ಜೆಯೇ: ತಪ್ಪು ಯಾವ ಕಡೆಗೆ ವಾಲಿದೆ ಎಂದು ತಿಳಿದಿರುವುದು.

13.5 ಬೇರೆ ಬಗೆಯ ಬಲೆ. ಅದು 924ನ್ನು ಹೊಸ ಮಾರಾಟವಾದ 6,847ರಿಂದ ಭಾಗಿಸಿದವರಿಗೆ ಸಿಗುವ ಉತ್ತರ. ಯಾವುದರಿಂದ ಭಾಗಿಸಬೇಕು ಎಂಬುದೇ ತಪ್ಪಿದ್ದರೆ ಎಷ್ಟು ಜಾಣತನದ ಅಂದಾಜೂ ಕಾಪಾಡದು.

ಕೆಲವೊಮ್ಮೆ ಆಯ್ಕೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. 387 × 468ಕ್ಕೆ 1,81,116, 1,81,126, 1,81,136, 1,81,161 ಎಂದು ಕೊಟ್ಟಿದ್ದರೆ ಅಂದಾಜಿಗೆ ಅಲ್ಲಿ ಕೆಲಸವಿಲ್ಲ. 7 ಮತ್ತು 8ನ್ನು ಗುಣಿಸಿದರೆ ಕೊನೆಯ ಅಂಕಿ 6, ಹಾಗಾಗಿ ನಾಲ್ಕನೆಯದು ಹೋಯಿತು. 387ರ ಅಂಕಿಗಳ ಮೊತ್ತ 18, ಅಂದರೆ ಅದು 9ರಿಂದ ಭಾಗವಾಗುತ್ತದೆ, ಗುಣಲಬ್ಧವೂ ಭಾಗವಾಗಬೇಕು. ಉಳಿದ ಮೂರರ ಅಂಕಿಗಳ ಮೊತ್ತ 18, 19, 20. ಉಳಿಯುವುದು ಮೊದಲನೆಯದು ಮಾತ್ರ. 9ರ ಪರೀಕ್ಷೆಯೊಂದನ್ನೇ ನಂಬಬಾರದು, ಏಕೆಂದರೆ ಅಂಕಿಗಳು ಅದಲುಬದಲಾದರೆ ಅದಕ್ಕೆ ಗೊತ್ತಾಗುವುದಿಲ್ಲ. 1,81,161 ಕೂಡ ಅದರಲ್ಲಿ ಪಾಸಾಗುತ್ತದೆ.

ಎರಡು ಆಯ್ಕೆ ಉಳಿದು ಮುಂದೆ ದಾರಿ ಕಾಣದಿದ್ದರೆ? ತಪ್ಪು ಉತ್ತರಕ್ಕೆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತಾರೆ. ಐದರಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸುತ್ತಾ ಹೋದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೂರನ್ನು ಖಚಿತವಾಗಿ ಹೊಡೆದುಹಾಕಿದ ಮೇಲೆ ಒಂದು ಅಂಕದ ಪ್ರಶ್ನೆಗೆ ಸರಾಸರಿ 0.375 ಅಂಕದ ಲಾಭವಿದೆ. ಅಂಥ ಪ್ರಶ್ನೆಯನ್ನು ಖಾಲಿ ಬಿಡುವುದು ನಷ್ಟದ ಬಾಬತ್ತು.