ಅಮೆರಿಕದ ರಸ್ತೆಗಳೆಲ್ಲ ಒಂದು ಜಿಬಿಯೊಳಗೆ

ಅತಿ ಹತ್ತಿರದ ದಾರಿ ಹುಡುಕುವ ಪ್ರೋಗ್ರಾಂಗಳನ್ನು ಒರೆಗೆ ಹಚ್ಚಲು ಸಂಶೋಧಕರು ಬಳಸುವ ಒಂದು ಹೆಸರಾಂತ ಫೈಲ್ ಇದೆ. 2006ರಲ್ಲಿ ಮುಗಿದ ಒಂಬತ್ತನೇ ಡಿಮ್ಯಾಕ್ಸ್ ಸವಾಲಿಗಾಗಿ ಸಿದ್ಧಪಡಿಸಿದ ಈ ಫೈಲಿನಲ್ಲಿ ಅಮೆರಿಕದ ಇಡೀ ರಸ್ತೆಜಾಲವಿದೆ. ರಸ್ತೆಗಳು ಕೂಡುವ ಜಾಗಗಳು, ಅಂದರೆ ನೋಡ್‌ಗಳು, 2,39,47,347. ಒಂದು ನೋಡ್‌ನಿಂದ ಇನ್ನೊಂದಕ್ಕೆ ಹೋಗುವ ರಸ್ತೆ ತುಂಡುಗಳು, ಅಂದರೆ ಎಡ್ಜ್‌ಗಳು, 5,83,33,344. ಹೋಗುವ ದಿಕ್ಕಿಗೊಂದು, ಬರುವ ದಿಕ್ಕಿಗೊಂದು ಎಂದು ಪ್ರತಿ ರಸ್ತೆಯನ್ನೂ ಎರಡು ಸಲ ಎಣಿಸಿದ್ದಾರೆ.

ಈ ಜಾಲವನ್ನು 1 ಜಿಬಿ ಮೆಮೊರಿಯ ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರಿಗೆ ತುಂಬಿ, ಒಂದೂರಿನಿಂದ ಇನ್ನೊಂದೂರಿಗೆ ಹತ್ತಿರದ ದಾರಿ ಯಾವುದೆಂದು ಕೇಳಬಹುದೇ? ಕೇಳಬಹುದು. ಆದರೆ ಅದೇ ಮಾಹಿತಿಯನ್ನು ಮೆಮೊರಿಯಲ್ಲಿ ಹೇಗೆ ಜೋಡಿಸುತ್ತೇವೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ತಪ್ಪು ಜೋಡಣೆಗೆ ಲಕ್ಷಾಂತರ ಜಿಬಿಯೂ ಸಾಲದು, ಸರಿಯಾದ ಜೋಡಣೆಗೆ ಅರ್ಧ ಜಿಬಿಗಿಂತ ಸ್ವಲ್ಪ ಹೆಚ್ಚು ಸಾಕು.

ಗಣಿತದವರು ಜಾಲವನ್ನು ಬರೆಯುವ ಹಳೆಯ ಕ್ರಮವೊಂದರಿಂದ ಶುರು ಮಾಡೋಣ. ಒಂದು ದೊಡ್ಡ ಕೋಷ್ಟಕ. ಪ್ರತಿ ನೋಡ್‌ಗೂ ಒಂದು ಅಡ್ಡಸಾಲು, ಪ್ರತಿ ಎಡ್ಜ್‌ಗೂ ಒಂದು ಕಂಬಸಾಲು. ಎಡ್ಜ್ ಹೊರಡುವ ನೋಡ್‌ನ ಚೌಕದಲ್ಲಿ −1, ತಲುಪುವ ನೋಡ್‌ನ ಚೌಕದಲ್ಲಿ +1, ಉಳಿದೆಲ್ಲ ಕಡೆ ಸೊನ್ನೆ. ಇದೇ ಇನ್ಸಿಡೆನ್ಸ್ ಮ್ಯಾಟ್ರಿಕ್ಸ್. ವಿದ್ಯುತ್ ಜಾಲದ ಲೆಕ್ಕಗಳಿಗೆ ಇದು ಹೇಳಿ ಮಾಡಿಸಿದ್ದು: ಒಂದು ಸಾಲನ್ನು ಕೂಡಿದರೆ ಆ ನೋಡ್‌ಗೆ ಬಂದ ಕರೆಂಟ್ ಎಷ್ಟು, ಹೋದದ್ದೆಷ್ಟು ಎಂಬ ಕಿರ್ಕಾಫ್ ನಿಯಮ ಸಮೀಕರಣವಾಗಿ ಎದುರು ನಿಲ್ಲುತ್ತದೆ.

ನಮ್ಮ ರಸ್ತೆಜಾಲಕ್ಕೆ ಈ ಕೋಷ್ಟಕ ಬರೆದರೆ ಚೌಕಗಳ ಸಂಖ್ಯೆ ಸುಮಾರು 14 ಕೋಟಿ ಕೋಟಿ. ಚೌಕಕ್ಕೆ ಒಂದೇ ಒಂದು ಬಿಟ್ ಕೊಟ್ಟರೂ ಸುಮಾರು 1,75,000 ಜಿಬಿ ಬೇಕು. ಎರಡೂ ಕಡೆ ನೋಡ್‌ಗಳನ್ನೇ ಬರೆಯುವ ಅಡ್ಜೇಸೆನ್ಸಿ ಮ್ಯಾಟ್ರಿಕ್ಸ್ ಕೂಡ ಸುಮಾರು 71,700 ಜಿಬಿ ಕೇಳುತ್ತದೆ. ಇಷ್ಟಕ್ಕೂ ಕೋಷ್ಟಕದಲ್ಲಿ ತುಂಬಿರುವುದು ಸೊನ್ನೆಗಳೇ. ಎರಡು ಕೋಟಿಗೂ ಮೀರಿದ ಚೌಕಗಳಿರುವ ಒಂದು ಕಂಬಸಾಲಿನಲ್ಲಿ ಅರ್ಥವಿರುವ ಚೌಕಗಳು ಎರಡೇ ಎರಡು.

ಹಾಗಾದರೆ ಸೊನ್ನೆಗಳನ್ನು ಬಿಟ್ಟುಬಿಡೋಣ. ಪ್ರತಿ ಕಂಬಸಾಲಿನಲ್ಲೂ ಯಾವ ಎರಡು ಚೌಕ ತುಂಬಿವೆ ಎಂದಷ್ಟೇ ಬರೆದಿಟ್ಟರೆ ಸಿಗುವುದೇ ಎಡ್ಜ್ ಲಿಸ್ಟ್: ಎಲ್ಲಿಂದ, ಎಲ್ಲಿಗೆ, ಜತೆಗೆ ದೂರ ಎಷ್ಟು. ಒಂದು ಎಡ್ಜ್‌ಗೆ ಮೂರು ಸಂಖ್ಯೆ, ಸಂಖ್ಯೆಗೆ 4 ಬೈಟ್. ಒಟ್ಟು 700 ಎಂಬಿ. ಲಕ್ಷಾಂತರ ಜಿಬಿಯಿಂದ ಒಂದೇ ಹೆಜ್ಜೆಗೆ ಇಲ್ಲಿಗೆ ಇಳಿದೆವು. ಡಿಮ್ಯಾಕ್ಸ್ ಫೈಲ್ ಇರುವುದೂ ಹೀಗೆಯೇ. ಅದರಲ್ಲಿ `a` ಅಕ್ಷರದಿಂದ ಶುರುವಾಗುವ ಒಂದೊಂದು ಸಾಲೂ ಒಂದೊಂದು ಎಡ್ಜ್.

ಎಲ್ಲ ಎಡ್ಜ್‌ಗಳನ್ನೂ ಒಮ್ಮೆ ನೋಡಿ ಮುಗಿಸುವ ಕೆಲಸಗಳಿಗೆ ಎಡ್ಜ್ ಲಿಸ್ಟ್‌ಗಿಂತ ಒಳ್ಳೆಯದು ಬೇಕಿಲ್ಲ. ಎಲ್ಲ ಊರುಗಳನ್ನೂ ಕನಿಷ್ಠ ಉದ್ದದ ತಂತಿಯಲ್ಲಿ ಜೋಡಿಸುವ ಕ್ರುಸ್ಕಲ್ ವಿಧಾನಕ್ಕೆ ಬೇಕಾದದ್ದು ಎಡ್ಜ್‌ಗಳನ್ನು ಉದ್ದದ ಪ್ರಕಾರ ವಿಂಗಡಿಸಿದ ಪಟ್ಟಿ, ಅಷ್ಟೇ. ಹೊಸ ರಸ್ತೆ ಬಂದರೆ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿದರೆ ಮುಗಿಯಿತು.

ಆದರೆ ಹತ್ತಿರದ ದಾರಿ ಹುಡುಕುವ ಡೈಕ್‌ಸ್ಟ್ರ ವಿಧಾನ ಕೇಳುವ ಪ್ರಶ್ನೆ ಬೇರೆ. ಅದು ಒಂದೊಂದೇ ನೋಡ್ ಎತ್ತಿಕೊಂಡು, ಇಲ್ಲಿಂದ ಎಲ್ಲೆಲ್ಲಿಗೆ ಹೋಗಬಹುದು ಎನ್ನುತ್ತದೆ. ಎಡ್ಜ್ ಲಿಸ್ಟ್‌ನಲ್ಲಿ ಉತ್ತರ ಎಲ್ಲಿ ಬೇಕಾದರೂ ಇರಬಹುದು. ಹಾಗಾಗಿ ಪ್ರತಿ ಸಲವೂ ಇಡೀ ಪಟ್ಟಿ ಓದಬೇಕು. 2.39 ಕೋಟಿ ನೋಡ್‌ಗಳಿಗೆ, ನೋಡ್‌ಗೆ 5.83 ಕೋಟಿ ಸಾಲಿನಂತೆ ಗುಣಿಸಿದರೆ ಬರುವುದು ಮತ್ತದೇ 14 ಕೋಟಿ ಕೋಟಿ. ಸೆಕೆಂಡಿಗೆ ನೂರು ಕೋಟಿ ಸಾಲು ಓದಿದರೂ 16 ದಿನ ಹಿಡಿಯುತ್ತದೆ. ಕೋಷ್ಟಕದಿಂದ ಕಿತ್ತು ಹಾಕಿದ ಸೊನ್ನೆಗಳು ಹೋಗಿಲ್ಲ. ಮೆಮೊರಿಯಲ್ಲಿ ಉಳಿಸಿದ್ದನ್ನು ಈಗ ಸಮಯದಲ್ಲಿ ತೆರುತ್ತಿದ್ದೇವೆ.

ಹಾಗಾದರೆ ಪ್ರತಿ ನೋಡ್‌ಗೂ ಅದರ ನೆರೆಯವರ ಒಂದು ಸಣ್ಣ ಪಟ್ಟಿ ಇಡಬಹುದಲ್ಲ? ಕಾಲೇಜಿನಲ್ಲಿ ಕಲಿಸುವುದು ಇದನ್ನೇ. ಚಿಕ್ಕ ಜಾಲಕ್ಕೆ ಇದು ಚೆನ್ನ. ಇಲ್ಲಿ ತೊಂದರೆ ಏನೆಂದರೆ, ಸಿ++ನ `vector` ಒಳಗೆ ಏನೂ ಇಲ್ಲದಿದ್ದರೂ 64-ಬಿಟ್ ಯಂತ್ರದಲ್ಲಿ ಸಾಮಾನ್ಯವಾಗಿ 24 ಬೈಟ್ ತಿನ್ನುತ್ತದೆ. 2.39 ಕೋಟಿ ಪಟ್ಟಿಗಳ ಬರೀ ತಲೆಗಳಿಗೇ 575 ಎಂಬಿ ಆಯಿತು. ಲಿನಕ್ಸ್‌ನಲ್ಲಿ ಪ್ರತಿ ಪಟ್ಟಿಯ ಒಡಲಿಗೆ ಕನಿಷ್ಠ 32 ಬೈಟ್‌ನ ತುಂಡು ಹೋಗುತ್ತದೆ. ಎರಡೂ ಸೇರಿದರೆ 1.3 ಜಿಬಿ ದಾಟುತ್ತದೆ. ಒಂದು ನೋಡ್‌ಗೆ ಸರಾಸರಿ ಎರಡೂವರೆಗಿಂತಲೂ ಕಡಿಮೆ ಎಡ್ಜ್‌ಗಳಿರುವಾಗ ಸರಕಿಗಿಂತ ಕಟ್ಟುವ ಹಗ್ಗವೇ ಭಾರವಾಗುತ್ತದೆ.

ದಾರಿ ಎಡ್ಜ್ ಲಿಸ್ಟ್‌ನಲ್ಲೇ ಇದೆ. ಹೊರಡುವ ನೋಡ್‌ನ ಪ್ರಕಾರ ಅದನ್ನು ವಿಂಗಡಿಸಿ ನೋಡಿ. ಒಂದೇ ನೋಡ್‌ನಿಂದ ಹೊರಟ ಎಡ್ಜ್‌ಗಳೆಲ್ಲ ಒಟ್ಟಿಗೆ ಬರುತ್ತವೆ, ಮೊದಲ ಅಂಕಣದಲ್ಲಿ ಅದೇ ಸಂಖ್ಯೆ ಮತ್ತೆ ಮತ್ತೆ ಕಾಣುತ್ತದೆ. ಆ ಪುನರಾವರ್ತನೆ ತೆಗೆದುಹಾಕಿ, ಯಾವ ನೋಡ್‌ನ ಭಾಗ ಎಲ್ಲಿಂದ ಶುರು ಎಂದಷ್ಟೇ ಬರೆದಿಟ್ಟರೆ ಅದು ಸಿಎಸ್‌ಆರ್, ಅಂದರೆ ಕಂಪ್ರೆಸ್ಡ್ ಸ್ಪಾರ್ಸ್ ರೋ. ಪುಸ್ತಕದ ಪರಿವಿಡಿ ಕೆಲಸ ಮಾಡುವುದು ಹೀಗೆಯೇ: ಅಧ್ಯಾಯ ಶುರುವಾಗುವ ಪುಟ ಮಾತ್ರ ಕೊಟ್ಟಿರುತ್ತಾರೆ, ಮುಗಿಯುವ ಪುಟವನ್ನು ಮುಂದಿನ ಅಧ್ಯಾಯದ ಶುರುವಿನಿಂದ ತಿಳಿದುಕೊಳ್ಳುತ್ತೇವೆ.

ಐದು ನೋಡ್‌ಗಳ ಪುಟ್ಟ ಜಾಲದಲ್ಲಿ ಇದನ್ನು ಮಾಡಿ ನೋಡೋಣ. ನೋಡ್‌ಗಳು 0ಯಿಂದ 4. ಫೈಲಿನಲ್ಲಿ ಎಡ್ಜ್‌ಗಳು ಈ ಕ್ರಮದಲ್ಲಿವೆ: 3→2, 0→1, 1→2, 3→4, 0→3, 3→1.

ಮೊದಲ ಓದಿನಲ್ಲಿ ಪ್ರತಿ ನೋಡ್‌ನಿಂದ ಎಷ್ಟು ಹೊರಡುತ್ತವೆ ಎಂದು ಎಣಿಸುತ್ತೇವೆ: ಕ್ರಮವಾಗಿ 2, 1, 0, 3, 0. ಇವನ್ನು ಒಂದೊಂದಾಗಿ ಕೂಡುತ್ತ ಹೋದರೆ ಭಾಗಗಳ ಶುರು ಸಿಗುತ್ತದೆ. ಎರಡನೇ ಓದಿನಲ್ಲಿ ಪ್ರತಿ ಎಡ್ಜ್‌ನ ಗುರಿಯನ್ನು ಅದರ ಭಾಗದೊಳಗೆ ಇಡುತ್ತೇವೆ.

```
ptr: 0 2 3 3 6 6
dst: 1 3 2 2 4 1
```

ನೋಡ್ 3ರ ನೆರೆಯವರು ಬೇಕೇ? `ptr[3]` 3, `ptr[4]` 6. ಹಾಗಾಗಿ `dst`ನ 3, 4, 5ನೇ ಸ್ಥಾನಗಳನ್ನು ಓದಿದರೆ 2, 4, 1 ಸಿಗುತ್ತವೆ. ನೋಡ್ 2ಕ್ಕೆ ಶುರುವೂ 3, ಕೊನೆಯೂ 3. ಅಲ್ಲಿಂದ ಯಾವ ದಾರಿಯೂ ಇಲ್ಲ. ಹುಡುಕಾಟವೇ ಇಲ್ಲ, ಎರಡು ಸಂಖ್ಯೆ ನೋಡಿದರೆ ಆಯಿತು. ದೂರಗಳನ್ನು `dst`ನ ಕ್ರಮದಲ್ಲೇ ಮೂರನೇ ಅರೇಯಲ್ಲಿ ಇಡುತ್ತೇವೆ.

ಅಮೆರಿಕದ ಜಾಲಕ್ಕೆ ಬಂದರೆ `ptr`ಗೆ 96 ಎಂಬಿ, ಗುರಿಗಳಿಗೆ 233 ಎಂಬಿ, ದೂರಗಳಿಗೆ 233 ಎಂಬಿ. ಒಟ್ಟು 562 ಎಂಬಿ. ಎಡ್ಜ್ ಲಿಸ್ಟ್‌ಗಿಂತಲೂ 138 ಎಂಬಿ ಕಡಿಮೆ. ಡೈಕ್‌ಸ್ಟ್ರಕ್ಕೆ ಪ್ರತಿ ನೋಡ್‌ನ ದೂರ ಮತ್ತು ಹಿಂದಿನ ನೋಡ್ ನೆನಪಿಡಲು ಇನ್ನೂ 192 ಎಂಬಿ ಸೇರಿಸಿದರೆ 754 ಎಂಬಿ. 1 ಜಿಬಿಯಲ್ಲಿ ಇಕ್ಕಟ್ಟಾದರೂ ಹಿಡಿಸುತ್ತದೆ. ಇನ್ನು ಹುಡುಕಾಟ ಇಡೀ ದೇಶವನ್ನು ಸುತ್ತಿದರೂ ಒಂದೊಂದು ಎಡ್ಜನ್ನು ಒಂದೊಂದೇ ಸಲ ನೋಡುತ್ತದೆ. 14 ಕೋಟಿ ಕೋಟಿ ಇದ್ದದ್ದು 5.83 ಕೋಟಿಗೆ ಬಂತು. ಮೆಮೊರಿಯೂ ಉಳಿಯಿತು, ಸಮಯವೂ ಉಳಿಯಿತು. ಎರಡನ್ನೂ ಉಳಿಸಿಕೊಟ್ಟದ್ದು ವಿಂಗಡಣೆ.

ಸೋಲು ಹೆಚ್ಚಾಗಿ ಎದುರಾಗುವುದು ಕಟ್ಟುವ ಹೊತ್ತಿನಲ್ಲಿ. ಫೈಲನ್ನು ಮೊದಲು ಎಡ್ಜ್ ಲಿಸ್ಟ್ ಆಗಿ ಮೆಮೊರಿಗೆ ತುಂಬಿ, ಆಮೇಲೆ ಸಿಎಸ್‌ಆರ್ ಮಾಡಹೊರಟರೆ 700 ಮತ್ತು 562 ಎರಡೂ ಒಟ್ಟಿಗೆ ಬೇಕು. ಪ್ರೋಗ್ರಾಂ ಅರ್ಧದಲ್ಲೇ ಸಾಯುತ್ತದೆ. ಪರಿಹಾರ ಸರಳ: ಎಡ್ಜ್ ಲಿಸ್ಟನ್ನು ತುಂಬಲೇಬೇಡಿ, ಡಿಸ್ಕ್‌ನಲ್ಲಿರುವ ಫೈಲನ್ನೇ ಎರಡು ಸಲ ಓದಿ. ಮೊದಲ ಸಲ ಎಣಿಸಲು, ಎರಡನೇ ಸಲ ತುಂಬಲು.

ತುಂಬುವಾಗ ಪ್ರತಿ ನೋಡ್‌ನ ಮುಂದಿನ ಖಾಲಿ ಜಾಗ ಯಾವುದೆಂದು ಗುರುತು ಬೇಕಾಗುತ್ತದೆ. ಅದಕ್ಕೆ ಇನ್ನೊಂದು 96 ಎಂಬಿ ಅರೇ ಬೇಡ, `ptr`ನ ಗುರುತನ್ನೇ ಮುಂದೆ ಸರಿಸುತ್ತ ಹೋಗಬಹುದು. ತುಂಬಿ ಮುಗಿದಾಗ ನಮ್ಮ ಪುಟ್ಟ ಉದಾಹರಣೆಯ `ptr` 2 3 3 6 6 6 ಎಂದಾಗಿರುತ್ತದೆ. ಎಲ್ಲವನ್ನೂ ಒಂದು ಸ್ಥಾನ ಬಲಕ್ಕೆ ಸರಿಸಿ ಮೊದಲಿಗೆ 0 ಇಟ್ಟರೆ ಮತ್ತೆ ಸರಿಯಾಗುತ್ತದೆ. ಇದನ್ನು ಮರೆತರೆ ಪ್ರೋಗ್ರಾಂ ನಿಲ್ಲುವುದಿಲ್ಲ. ನೋಡ್ 0ಗೆ ನೋಡ್ 1ರ ನೆರೆಯವರನ್ನು ಕೊಡುತ್ತ, ಇಲ್ಲದ ದಾರಿಗಳನ್ನು ತೋರಿಸುತ್ತ ಓಡುತ್ತಲೇ ಇರುತ್ತದೆ.

ಆದ್ದರಿಂದ ಕಟ್ಟಿದ ಮೇಲೆ ಪರೀಕ್ಷೆ ಮಾಡಲೇಬೇಕು. `ptr`ನ ಮೊದಲ ಸಂಖ್ಯೆ 0 ಇರಬೇಕು, ಕೊನೆಯದು ಎಡ್ಜ್‌ಗಳ ಒಟ್ಟು ಸಂಖ್ಯೆಗೆ ಸಮವಾಗಿರಬೇಕು, ನಡುವೆ ಎಲ್ಲೂ ಇಳಿಯಬಾರದು. `dst`ನ ಪ್ರತಿ ಸಂಖ್ಯೆಯೂ ನೋಡ್‌ಗಳ ಸಂಖ್ಯೆಗಿಂತ ಕಡಿಮೆ ಇರಬೇಕು. ಡಿಮ್ಯಾಕ್ಸ್ ಫೈಲ್ ನೋಡ್‌ಗಳನ್ನು 1ರಿಂದ ಎಣಿಸುತ್ತದೆ. ಓದುವಾಗ ಒಂದು ಕಳೆಯದಿದ್ದರೆ ಈ ಕೊನೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಕೊನೆಗೆ ಫೈಲಿನ ನಾಲ್ಕಾರು ಸಾಲುಗಳನ್ನು ಅಲ್ಲಲ್ಲಿಂದ ಆರಿಸಿ, ಆ ಎಡ್ಜ್‌ಗಳು ಸಿಎಸ್‌ಆರ್‌ನಲ್ಲಿ ಇವೆಯೇ ಎಂದು ನೋಡಿಬಿಡಬೇಕು.

ಜಾಲ ಇನ್ನೂ ದೊಡ್ಡದಾದರೆ ಬೇರೊಂದು ಗೋಡೆ ಅಡ್ಡ ಬರುತ್ತದೆ. ಫ್ರೆಂಡ್‌ಸ್ಟರ್ ಎಂಬ ಹಳೆಯ ಸಾಮಾಜಿಕ ಜಾಲತಾಣದ ಸ್ನೇಹಗಳ ಗ್ರಾಫ್‌ನಲ್ಲಿ 6.56 ಕೋಟಿ ಜನ, 180 ಕೋಟಿ ಸ್ನೇಹಗಳಿವೆ. ಎರಡೂ ದಿಕ್ಕಿನಲ್ಲಿ ಬರೆದರೆ 361 ಕೋಟಿ ಎಡ್ಜ್. ಸಾಮಾನ್ಯ 32-ಬಿಟ್ ಪೂರ್ಣಾಂಕದ ಮಿತಿ 214 ಕೋಟಿ. ಅದನ್ನು ದಾಟಿದೊಡನೆ `ptr`ನಲ್ಲಿ ಋಣ ಸಂಖ್ಯೆಗಳು ಕಾಣಿಸಿಕೊಳ್ಳುತ್ತವೆ. ಆಗ ಎಲ್ಲವನ್ನೂ 64 ಬಿಟ್‌ಗೆ ಏರಿಸಬೇಕಿಲ್ಲ. ಎಡ್ಜ್‌ಗಳ ಎಣಿಕೆ ಇಡುವ `ptr` ಒಂದನ್ನು ಏರಿಸಿದರೆ ಸಾಕು, ಅದಕ್ಕೆ 525 ಎಂಬಿ. ನೋಡ್ ಸಂಖ್ಯೆಗಳನ್ನಿಡುವ `dst` 32 ಬಿಟ್‌ನಲ್ಲೇ ಇರಬಹುದು. ಅದನ್ನೂ ಏರಿಸಿದರೆ 14 ಜಿಬಿ ಸುಮ್ಮನೆ ಹೋಗುತ್ತದೆ.

ಸಿಎಸ್‌ಆರ್ ಎಲ್ಲ ಕೆಲಸಕ್ಕೂ ಒಗ್ಗುವುದಿಲ್ಲ. ನಡುವೆ ಒಂದು ಎಡ್ಜ್ ಸೇರಿಸಬೇಕಾದರೆ ಅದರ ಮುಂದಿನದ್ದನ್ನೆಲ್ಲ ಸರಿಸಬೇಕು. ರಸ್ತೆ ಮುಚ್ಚಿದರೆ ಎಡ್ಜ್ ಅಳಿಸದೆ ಅದರ ದೂರವನ್ನು ತೀರಾ ದೊಡ್ಡದು ಮಾಡಿದರೆ ನಡೆಯುತ್ತದೆ. ಹೊಸ ರಸ್ತೆಗಳನ್ನು ಪಕ್ಕದಲ್ಲಿ ಸಣ್ಣ ಎಡ್ಜ್ ಲಿಸ್ಟ್‌ನಲ್ಲಿ ಕೂಡಿಟ್ಟು, ಆಗಾಗ ಇಡೀ ಸಿಎಸ್‌ಆರ್ ಹೊಸದಾಗಿ ಕಟ್ಟಬಹುದು. ಇದು ಹೇಳುವುದು ಹೊರಡುವ ಎಡ್ಜ್‌ಗಳನ್ನು ಮಾತ್ರ. ಏಕಮುಖ ಜಾಲದಲ್ಲಿ ಬರುವ ಎಡ್ಜ್‌ಗಳೂ ಬೇಕೆಂದರೆ ತಿರುಗಿಸಿದ ಇನ್ನೊಂದು ಪ್ರತಿ ಇಡಬೇಕು, ಮೆಮೊರಿ ಸರಿಸುಮಾರು ಇಮ್ಮಡಿ.

ಇನ್ಸಿಡೆನ್ಸ್ ಮ್ಯಾಟ್ರಿಕ್ಸ್ ಮೂಲೆಗೆ ಸೇರುವುದೂ ಇಲ್ಲ. ಒಂದೇ ಎಡ್ಜ್ ಎರಡಕ್ಕಿಂತ ಹೆಚ್ಚು ನೋಡ್‌ಗಳನ್ನು ಮುಟ್ಟಿದರೆ, ಉದಾಹರಣೆಗೆ ಐದು ಜನ ಸೇರಿ ಬರೆದ ಒಂದು ಸಂಶೋಧನಾ ಲೇಖನ, ಎರಡೇ ಅಂಕಣದ ಎಡ್ಜ್ ಲಿಸ್ಟ್‌ನಲ್ಲಿ ಅದನ್ನು ಹಾಗೇ ಬರೆಯಲಾಗದು. ಇನ್ಸಿಡೆನ್ಸ್ ಮ್ಯಾಟ್ರಿಕ್ಸ್‌ನಲ್ಲಾದರೆ ಆ ಕಂಬಸಾಲಿನಲ್ಲಿ ಐದು ಚೌಕ ತುಂಬುತ್ತವೆ, ಅಷ್ಟೇ. ಅದರ ಸೊನ್ನೆಗಳನ್ನು ತೆಗೆದು ಇಟ್ಟುಕೊಳ್ಳಲು ಬಳಸುವುದೂ ಇದೇ `ptr`, `dst` ಜೋಡಣೆಯನ್ನೇ.

ಹಾಗಾಗಿ ಕೋಡ್ ಬರೆಯುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಪ್ರೋಗ್ರಾಂ ಎಲ್ಲ ಎಡ್ಜ್‌ಗಳನ್ನೂ ಸಾಲಾಗಿ ಓದುತ್ತದೆಯೇ, ಇಲ್ಲ ಒಂದೊಂದು ನೋಡ್‌ನ ನೆರೆಯವರನ್ನು ಕೇಳುತ್ತದೆಯೇ? ಜಾಲ ಓಡುವಾಗಲೇ ಬದಲಾಗುತ್ತದೆಯೇ? ಸಾಲಾಗಿ ಓದುವುದಾದರೆ, ಅಥವಾ ಕ್ಷಣಕ್ಷಣಕ್ಕೂ ಬದಲಾಗುವುದಾದರೆ, ಎಡ್ಜ್ ಲಿಸ್ಟ್ ಸಾಕು. ನೆರೆಯವರನ್ನು ಕೇಳುತ್ತ, ಬದಲಾಗದೆ ಇರುವ ಜಾಲವಾದರೆ ಒಮ್ಮೆ ವಿಂಗಡಿಸುವ ಶ್ರಮ ಪಟ್ಟು ಸಿಎಸ್‌ಆರ್ ಕಟ್ಟಿ. ಅಮೆರಿಕದ ರಸ್ತೆಜಾಲದಲ್ಲಿ ಆ ಒಂದು ವಿಂಗಡಣೆ ಹದಿನಾರು ದಿನಗಳ ಓದನ್ನು ತಪ್ಪಿಸುತ್ತದೆ.